ರಸೀದಿ ಪುಸ್ತಕದ ಸಂಖ್ಯೆ: ಮ್ಯಾಕ್ ವಿಳಾಸದ ಮೊದಲರ್ಧ ದೇಶವನ್ನೇಕೆ ಹೇಳುವುದಿಲ್ಲ?

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನನಗೆ ಬಂದ ಘಟಕ ‘ಗಣಕ ಜಾಲಗಳು’. ತರಗತಿ ಪದವಿಪೂರ್ವ ವಿಭಾಗದ್ದು. ಪಾಠ ಯೋಜನೆಯಲ್ಲಿ ಮ್ಯಾಕ್ ವಿಳಾಸಕ್ಕೆಂದು ಎಂಟು ನಿಮಿಷ ಇಟ್ಟಿದ್ದೆ. ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ ತಯಾರಾಗುವಾಗಲೇ ಒಂದು ಸಂಖ್ಯೆ ಬರೆದಿರುತ್ತಾರೆ, ಅದು 48 ಬಿಟ್‌ಗಳದ್ದು, ನಾವು ಅದನ್ನು ಹನ್ನೆರಡು ಷೋಡಶಮಾನ ಅಂಕಿಗಳಲ್ಲಿ ಬರೆಯುತ್ತೇವೆ ಎಂಬಲ್ಲಿಯವರೆಗೆ ಎಲ್ಲವೂ ಸರಿಯಾಗಿ ಸಾಗಿತು. ಆಮೇಲೆ ಕಪ್ಪುಹಲಗೆಯ ಮೇಲೆ ಒಂದು ವಿಳಾಸ ಬರೆದು, ಸರಿಯಾಗಿ ನಡುವೆ ಒಂದು ಗೆರೆ ಎಳೆದು, “ಫೋನ್ ಸಂಖ್ಯೆಯಲ್ಲಿ ಮೊದಲಿಗೆ +91 ಇರುತ್ತದಲ್ಲ, ಹಾಗೆ ಇಲ್ಲಿಯೂ ಮೊದಲರ್ಧ ಯಾವ ದೇಶ ಎಂದು ತಿಳಿಸುತ್ತದೆ, ಉಳಿದರ್ಧ ಆ ಸಾಧನದ ಸಂಖ್ಯೆ” ಎಂದುಬಿಟ್ಟೆ. ಯೋಜನೆಯಲ್ಲಿ ಆ ವಾಕ್ಯ ಇರಲಿಲ್ಲ. ಮಕ್ಕಳಿಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂಬ ಸೂತ್ರವನ್ನು ನೆನೆದು, ಆ ಕ್ಷಣಕ್ಕೆ ಹೊಳೆದ ಹೋಲಿಕೆಯನ್ನು ಹೇಳಿದ್ದೆ.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ನಮ್ಮ ಮಾವ ದುಬೈಯಿಂದ ಒಂದು ಫೋನ್ ತಂದಿದ್ದಾರೆ. ಅದರಲ್ಲಿ ಯಾವ ದೇಶ ಇರತ್ತೆ? ಮಾಡಿದ ದೇಶಾನಾ, ಕೊಂಡ ದೇಶಾನಾ, ಈಗ ಇರೋ ದೇಶಾನಾ?”

ನಾನು “ಮಾಡಿದ ದೇಶ” ಎಂದೆ. ಹೇಳುವಾಗಲೇ ನನ್ನ ಧ್ವನಿ ಇಳಿದದ್ದು ನನಗೇ ತಿಳಿಯಿತು. ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕರು ಅವಲೋಕನ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: “ದೇಶ ಎಂಬುದಕ್ಕೆ ಆಧಾರವೇನು?” ಅವಧಿ ಮುಗಿದ ಮೇಲೆ ಅವರು, “ನೋಡಮ್ಮ, ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ನೀವು ಮೊದಲು ನಿಮಗೆ ಕೇಳಿಕೊಳ್ಳಬೇಕಿತ್ತು. ನಾಡಿದ್ದು ಇದೇ ತರಗತಿ ನಿಮಗೆ ಮತ್ತೆ ಇದೆ. ಏನು ಮಾಡುತ್ತೀರೋ ಯೋಚಿಸಿ” ಎಂದರು.

ಪಠ್ಯಪುಸ್ತಕದಲ್ಲಿ ಸರಿಯಾದ ಮಾತು ಇದ್ದೇ ಇತ್ತು: ಮೊದಲ 24 ಬಿಟ್‌ಗಳು ತಯಾರಕರ ಗುರುತು. “ದೇಶ ಅಲ್ಲ, ತಯಾರಕ ಎಂದು ತಿದ್ದಿಕೊಳ್ಳಿ” ಎಂದು ಒಂದು ನಿಮಿಷದಲ್ಲಿ ಮುಗಿಸಬಹುದಿತ್ತು. ಆದರೆ ಹಾಗೆ ಮಾಡಿದ್ದರೆ ಒಂದು ಪದ ಹೋಗಿ ಇನ್ನೊಂದು ಪದ ಬರುತ್ತಿತ್ತು, ಅಷ್ಟೆ. ದೇಶವೇ ಏಕಾಗಬಾರದು ಎಂಬುದು ಮಕ್ಕಳಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಓದಿ, ಎರಡನೇ ಅವಧಿಯನ್ನು ಈ ಒಂದೇ ಪ್ರಶ್ನೆಗೆ ಮೀಸಲಿಟ್ಟೆ. ಆ ಪಾಠ ನಡೆದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಚಂದಾ ರಸೀದಿ

ಮೊದಲಿಗೆ, ಹಿಂದಿನ ಅವಧಿಯಲ್ಲಿ ನಾನು ಹೇಳಿದ್ದು ತಪ್ಪು ಎಂದು ಹೇಳಿ, “ದೇಶ” ಎಂಬ ಪದವನ್ನು ಹಲಗೆಯ ಮೇಲೆ ಬರೆದು ಹೊಡೆದುಹಾಕಿದೆ. ಆಮೇಲೆ ಗಣೇಶೋತ್ಸವದ ಚಂದಾ ರಸೀದಿ ಪುಸ್ತಕವನ್ನು ಹಿಡಿದು ತೋರಿಸಿದೆ. ಸಮಿತಿಯವರು ಹತ್ತು ಜನ ಹುಡುಗರಿಗೆ ಹತ್ತು ಪುಸ್ತಕ ಕೊಡುತ್ತಾರೆ. ಪುಸ್ತಕಕ್ಕೆ ಒಂದು ಸಂಖ್ಯೆ, ಒಳಗಿನ ಹಾಳೆಗೆ 1ರಿಂದ 50ರವರೆಗೆ ಒಂದು ಸಂಖ್ಯೆ. ಹುಡುಗರು ಬೇರೆ ಬೇರೆ ಬೀದಿಗಳಲ್ಲಿ ಒಂದೇ ಸಂಜೆ ಚಂದಾ ಎತ್ತುತ್ತಾರೆ. ಒಬ್ಬ ಇನ್ನೊಬ್ಬನಿಗೆ ಫೋನ್ ಮಾಡಿ “ನೀನು ಯಾವ ನಂಬರು ಹರಿದೆ?” ಎಂದು ಕೇಳುವುದಿಲ್ಲ. ಆದರೂ ಊರಿನಲ್ಲಿ ಒಂದೇ ಸಂಖ್ಯೆಯ ಎರಡು ರಸೀದಿ ಇರುವುದಿಲ್ಲ.

“ಏಕೆ ಇರುವುದಿಲ್ಲ?” ಎಂದು ಕೇಳಿದೆ. ಪುಸ್ತಕದ ಸಂಖ್ಯೆ ಬೇರೆ ಬೇರೆ ಇರುವುದರಿಂದ ಎಂದು ಹಲವರು ಹೇಳಿದರು. “ಹಾಗಾದರೆ 7ನೇ ಪುಸ್ತಕದ 23ನೇ ರಸೀದಿ ನೋಡಿದರೆ ಚಂದಾ ಕೊಟ್ಟವರ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಾಗುತ್ತದೆಯೇ?” ಎಂದೆ. ಇಲ್ಲ. 7ನೇ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದಷ್ಟೇ ಸಮಿತಿಯ ನೋಂದಣಿ ಪುಸ್ತಕದಿಂದ ತಿಳಿಯುತ್ತದೆ. ಆ ಹುಡುಗ ತನ್ನ ಬೀದಿಯಲ್ಲಿ ಎತ್ತಿದನೋ, ಪಕ್ಕದ ಊರಿನ ನೆಂಟರ ಮನೆಯಲ್ಲಿ ಎತ್ತಿದನೋ ಸಂಖ್ಯೆ ಹೇಳುವುದಿಲ್ಲ.

ಇಷ್ಟಾದ ಮೇಲೆ ಹಲಗೆಯ ಮೇಲೆ ಎರಡು ಕಂಬ ಬರೆದೆ. ಸಮಿತಿಯ ಜಾಗದಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ನೋಂದಣಿ ವಿಭಾಗ. ಪುಸ್ತಕದ ಸಂಖ್ಯೆಯ ಜಾಗದಲ್ಲಿ ವಿಳಾಸದ ಮೊದಲ ಆರು ಅಂಕಿಗಳು. ಹಾಳೆಯ ಸಂಖ್ಯೆಯ ಜಾಗದಲ್ಲಿ ಕೊನೆಯ ಆರು ಅಂಕಿಗಳು. ಚಂದಾ ಎತ್ತುವ ಹುಡುಗನ ಜಾಗದಲ್ಲಿ ಕಾರ್ಡು ತಯಾರಿಸುವ ಕಂಪನಿ. ಕಂಪನಿ ಶುಲ್ಕ ಕಟ್ಟಿ ಒಂದು ಮೊದಲರ್ಧವನ್ನು ಪಡೆಯುತ್ತದೆ. ಉಳಿದ 24 ಬಿಟ್‌ಗಳಲ್ಲಿ 1,67,77,216 ಸಂಖ್ಯೆಗಳು ಸಿಗುತ್ತವೆ. ಒಂದೊಂದು ಕಾರ್ಡಿಗೂ ಒಂದೊಂದು ಹಾಕುತ್ತಾ ಹೋಗುವುದು, ಒಮ್ಮೆ ಹಾಕಿದ್ದನ್ನು ಮತ್ತೆ ಹಾಕದಿರುವುದು ಕಂಪನಿಯ ಕೆಲಸ. ಪುಸ್ತಕ ತೀರಿದರೆ ಇನ್ನೊಂದು ಪುಸ್ತಕ. ದೊಡ್ಡ ಕಂಪನಿಗಳ ಬಳಿ ನೂರಾರು ಪುಸ್ತಕಗಳಿವೆ.

ಇಲ್ಲಿ ಮುಖ್ಯವಾದದ್ದು ಸಂಖ್ಯೆ ಹಾಕುವ ಕ್ಷಣ. ಕಾರ್ಖಾನೆಯಲ್ಲಿ ಕಾರ್ಡಿಗೆ ಸಂಖ್ಯೆ ಬರೆಯುವಾಗ ಅದು ಯಾವ ದೇಶದ ಯಾವ ಅಂಗಡಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದೇ: ಬರೆಯುತ್ತಿರುವವರು ಯಾರು. ಎರಡು ಕಡೆ ಒಂದೇ ಸಂಖ್ಯೆ ಬೀಳಬಾರದು ಎಂಬ ಜವಾಬ್ದಾರಿಯನ್ನು ಆ ಕ್ಷಣದಲ್ಲಿ ಹೊರಬಲ್ಲವರೂ ಅವರೊಬ್ಬರೇ. ಆದ್ದರಿಂದ ಪುಸ್ತಕ ಅವರ ಹೆಸರಿಗೇ ಹೋಗಬೇಕು.

ಹಂತ 2: ಪ್ರಯೋಗಾಲಯದ ಮೂರು ವಿಳಾಸಗಳು

ಮಕ್ಕಳು ಪ್ರಯೋಗಾಲಯದ ವಿಂಡೋಸ್ ಕಂಪ್ಯೂಟರುಗಳಲ್ಲಿ ಈ ಆದೇಶ ಕೊಟ್ಟು ‘ಫಿಸಿಕಲ್ ಅಡ್ರೆಸ್’ ಎಂಬ ಕಂಬದಲ್ಲಿರುವುದನ್ನು ಬರೆದುಕೊಂಡರು.

```
getmac /v
```

ಐಇಇಇ ಹಂಚಿರುವ ಮೊದಲರ್ಧಗಳ ಪಟ್ಟಿಯನ್ನು ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಅದರಲ್ಲಿ ನಮಗೆ ಬೇಕಾದ ಸಾಲುಗಳನ್ನು ಮೊದಲೇ ಮುದ್ರಿಸಿಕೊಂಡು ಹೋಗಿದ್ದೆ. ಚರ್ಚೆಗೆ ಮೂರು ಮೊದಲರ್ಧಗಳನ್ನು ಆರಿಸಿಕೊಂಡೆ.

```
00-1B-21
B8-27-EB
08-00-27
```

ಮೊದಲನೆಯದು ಒಂದು ಮೇಜಿನ ಕಂಪ್ಯೂಟರಿನ ಕಾರ್ಡಿನದು. ಪಟ್ಟಿಯಲ್ಲಿ ಅದರ ಮುಂದೆ ಇಂಟೆಲ್ ಎಂದಿದೆ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಇದ್ದ ಹೆಸರು ಬೇರೊಂದು ಕಂಪನಿಯದು. ಮಕ್ಕಳಿಗೆ ಮೊದಲ ಅಚ್ಚರಿ ಇದೇ. ಪೆಟ್ಟಿಗೆ ಮಾರುವವರು ಒಬ್ಬರು, ಒಳಗಿನ ಕಾರ್ಡಿಗೆ ಸಂಖ್ಯೆ ಹಾಕಿದವರು ಇನ್ನೊಬ್ಬರು. ವಿಳಾಸ ಹೇಳುವುದು ಎರಡನೆಯವರನ್ನು.

ಎರಡನೆಯದು ಕಾಲೇಜಿನಲ್ಲಿದ್ದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದ್ದು. ಪಟ್ಟಿಯಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಷನ್ ಎಂದೂ, ಅದರ ಕೆಳಗೆ ಬ್ರಿಟನ್ನಿನ ವಿಳಾಸವೂ ಇದೆ. ಒಬ್ಬ ಹುಡುಗ ಕೂಡಲೇ, “ನೋಡಿ ಮೇಡಂ, ದೇಶವೂ ಇದೆಯಲ್ಲ!” ಎಂದ. ನಿಜ, ಪಟ್ಟಿಯಲ್ಲಿ ಪ್ರತಿ ಸಂಸ್ಥೆಯ ಅಂಚೆ ವಿಳಾಸವಿದೆ, ಅದರ ಕೊನೆಯಲ್ಲಿ ದೇಶವೂ ಇದೆ. ಆದರೆ ಈ ಗಣಕದ ಮೊದಲ ಕಂತುಗಳು ತಯಾರಾದದ್ದು ಚೀನಾದಲ್ಲಿ. ಆಮೇಲೆ ತಯಾರಿಕೆ ಬಹುಪಾಲು ವೇಲ್ಸ್‌ನ ಪೆನ್‌ಕೋಯ್ಡ್‌ನಲ್ಲಿರುವ ಸೋನಿ ಕಾರ್ಖಾನೆಗೆ ಬಂತು. ಎರಡೂ ಕಡೆಯವಕ್ಕೆ ಬಿದ್ದದ್ದು ಇದೇ ಮೊದಲರ್ಧ. ಪಟ್ಟಿಯಲ್ಲಿರುವ ದೇಶ ರಸೀದಿ ಪುಸ್ತಕ ತೆಗೆದುಕೊಂಡವರ ಮನೆಯ ವಿಳಾಸ. ರಸೀದಿ ಹರಿದ ಜಾಗ ಅದಲ್ಲ.

ಮೂರನೆಯದೇ ಪಾಠದ ತಿರುವು. ಲಿನಕ್ಸ್ ಅಭ್ಯಾಸಕ್ಕೆಂದು ನಮ್ಮ ಪ್ರಯೋಗಾಲಯದಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿದ್ದಾರೆ. ಅದು ಒಂದು ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರನ್ನು ತಂತ್ರಾಂಶದಲ್ಲೇ ಕಟ್ಟುತ್ತದೆ. ಆ ಒಳಗಣಕಕ್ಕೂ ಮ್ಯಾಕ್ ವಿಳಾಸ ಬೇಕು. ವರ್ಚುವಲ್‌ಬಾಕ್ಸ್ ಅದಕ್ಕೆ `08-00-27` ಎಂಬ ಮೊದಲರ್ಧ ಕೊಟ್ಟು ಉಳಿದರ್ಧವನ್ನು ತಾನೇ ಆರಿಸುತ್ತದೆ. ಐಇಇಇ ಪಟ್ಟಿಯಲ್ಲಿ ಈ ಮೊದಲರ್ಧ ಜರ್ಮನಿಯ ಪಿಸಿಎಸ್ ಸಿಸ್ಟಮ್‌ಟೆಕ್ನಿಕ್ ಎಂಬ ಕಂಪನಿಯ ಹೆಸರಿನಲ್ಲಿದೆ. ಇವತ್ತು ವರ್ಚುವಲ್‌ಬಾಕ್ಸ್ ಅಮೆರಿಕದ ಒರಾಕಲ್ ಕಂಪನಿಯದು. ಆ ಒಳಗಣಕ ಹುಟ್ಟಿದ್ದು ಹಿಂದಿನ ವಾರ, ನಮ್ಮ ಮಕ್ಕಳ ಕೈಯಲ್ಲಿ, ಇದೇ ಕೋಣೆಯಲ್ಲಿ. ಅದಕ್ಕೆ ಕಬ್ಬಿಣವೂ ಇಲ್ಲ, ಕಾರ್ಖಾನೆಯೂ ಇಲ್ಲ. “ಮಾಡಿದ ದೇಶ” ಎಂಬ ನನ್ನ ಹಿಂದಿನ ಉತ್ತರವನ್ನು ಇದರ ಪಕ್ಕದಲ್ಲಿ ಇಟ್ಟಾಗ ತರಗತಿಯೇ ನಕ್ಕಿತು. ನಾನೂ ನಕ್ಕೆ.

ಹಂತ 3: ಸ್ವಿಚ್ ಆಟ

ಮೊದಲರ್ಧ ತಯಾರಕರದು ಎಂದು ಒಪ್ಪಿದರೂ ಒಂದು ಅನುಮಾನ ಉಳಿಯುತ್ತದೆ. ಫೋನಿಗೆ ದೇಶದ ಸಂಖ್ಯೆ ಉಪಯುಕ್ತವಾಗಿರುವಾಗ ಕಾರ್ಡಿಗೆ ಏಕೆ ಬೇಡ? ಇದನ್ನು ವಿವರಿಸುವ ಬದಲು ಆಡಿಸಿದೆ.

ಐದು ಮಕ್ಕಳು ಐದು ಬೆಂಚುಗಳಲ್ಲಿ ಕುಳಿತರು. ಪ್ರತಿಯೊಬ್ಬರಿಗೂ ಹನ್ನೆರಡು ಅಂಕಿಗಳ ಚೀಟಿ ಕೊಟ್ಟೆ. ನಡುವೆ ನಿಂತ ಹುಡುಗ ಸ್ವಿಚ್. ಅವನ ಕೈಯಲ್ಲಿ ಒಂದು ಸ್ಲೇಟು, ಅದರಲ್ಲಿ ಎರಡು ಕಂಬ: ‘ವಿಳಾಸ’ ಮತ್ತು ‘ಬೆಂಚು’. ಯಾರಾದರೂ ಕಾಗದ ಕಳಿಸಬೇಕಾದರೆ ಅದರ ಮೇಲೆ ‘ಯಾರಿಗೆ’, ‘ಯಾರಿಂದ’ ಎಂಬ ಎರಡು ವಿಳಾಸ ಬರೆದು ಸ್ವಿಚ್‌ನ ಕೈಗೆ ಕೊಡಬೇಕು. ಸ್ವಿಚ್ ಮೊದಲು ‘ಯಾರಿಂದ’ ಎಂಬುದನ್ನು ನೋಡಿ, ಅದು ಬಂದ ಬೆಂಚಿನ ಜೊತೆ ಸ್ಲೇಟಿನಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ‘ಯಾರಿಗೆ’ ಎಂಬುದು ಸ್ಲೇಟಿನಲ್ಲಿದ್ದರೆ ಆ ಬೆಂಚಿಗೆ ಮಾತ್ರ ಕೊಡುತ್ತಾನೆ. ಇಲ್ಲದಿದ್ದರೆ ಕಳಿಸಿದವರನ್ನು ಬಿಟ್ಟು ಉಳಿದ ನಾಲ್ಕೂ ಬೆಂಚುಗಳಿಗೆ ನಕಲು ಕೊಡುತ್ತಾನೆ. ತನ್ನದಲ್ಲದ ಕಾಗದವನ್ನು ಪಡೆದವರು ಬದಿಗಿಡುತ್ತಾರೆ. ನಿಜವಾದ ಸ್ವಿಚ್ ಮಾಡುವುದೂ ಇಷ್ಟೇ.

ಏಳೆಂಟು ಕಾಗದಗಳಾಗುವಷ್ಟರಲ್ಲಿ ಸ್ಲೇಟು ತುಂಬಿತು, ನಕಲು ಹಂಚುವುದು ನಿಂತಿತು. ಆಗ ಸ್ವಿಚ್ ಆಗಿದ್ದ ಹುಡುಗನನ್ನು ಕೇಳಿದೆ: “ನೀನು ವಿಳಾಸದ ಮೊದಲರ್ಧವನ್ನು ಎಷ್ಟು ಸಲ ಬೇರೆಯಾಗಿ ನೋಡಿದೆ?”

“ನೋಡಲೇ ಇಲ್ಲ ಮೇಡಂ. ಪೂರ್ತಿ ನಂಬರು ಸ್ಲೇಟಲ್ಲಿರೋದಕ್ಕೆ ಸರಿ ಹೊಂದುತ್ತಾ ಅಂತ ನೋಡಿದೆ, ಅಷ್ಟೆ.”

ನನಗೆ ಬೇಕಾಗಿದ್ದ ಉತ್ತರ ಇದೇ. ಫೋನ್ ವಿನಿಮಯ ಕೇಂದ್ರ +91 ನೋಡಿದ ಕೂಡಲೇ ಕರೆಯನ್ನು ಭಾರತದ ಕಡೆಗೆ ತಿರುಗಿಸುತ್ತದೆ. ಅಲ್ಲಿ ಮೊದಲ ಅಂಕಿಗಳು ದಾರಿ ತೋರಿಸುವ ಕೆಲಸ ಮಾಡುತ್ತವೆ, ಆದ್ದರಿಂದ ಅವು ಜಾಗವನ್ನು ಹೇಳಲೇಬೇಕು. ಸ್ವಿಚ್ ಮ್ಯಾಕ್ ವಿಳಾಸವನ್ನು ಹಾಗೆ ಓದುವುದೇ ಇಲ್ಲ. ಎರಡು ವಿಳಾಸ ಒಂದೇ ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಅದಕ್ಕೆ. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ವಿಳಾಸಗಳು ಬೇರೆ ಬೇರೆ ಇದ್ದರೆ ಸಾಕು.

“ಬೇರೆ ಕೋಣೆಗೆ ಕಾಗದ ಹೋಗಬೇಕಾದರೆ?” ಎಂದು ಒಬ್ಬಳು ಕೇಳಿದಳು. ಅವಳನ್ನೇ ಬಾಗಿಲ ಬಳಿ ರೂಟರ್ ಆಗಿ ನಿಲ್ಲಿಸಿದೆ. ಕಾಗದವನ್ನು ಒಂದು ಲಕೋಟೆಯಲ್ಲಿಟ್ಟು ಅವಳ ಕೈಗೆ ಬರುವಂತೆ ಮಾಡಿದೆವು. ಲಕೋಟೆಯ ಮೇಲಿರುವುದು ಮ್ಯಾಕ್ ವಿಳಾಸಗಳು, ಒಳಗಿನ ಕಾಗದದ ಮೇಲಿರುವುದು ಐಪಿ ವಿಳಾಸಗಳು. ಅವಳು ಲಕೋಟೆ ಹರಿದು ಬುಟ್ಟಿಗೆ ಹಾಕಿ, ಐಪಿ ವಿಳಾಸ ನೋಡಿ ಯಾವ ಕಡೆ ಎಂದು ತೀರ್ಮಾನಿಸಿ, ಹೊಸ ಲಕೋಟೆಯಲ್ಲಿಟ್ಟು ಮುಂದಕ್ಕೆ ಕಳಿಸಬೇಕು. ಹೊಸ ಲಕೋಟೆಯ ಮೇಲೆ ಹೊಸ ಮ್ಯಾಕ್ ವಿಳಾಸಗಳು. ಅಂದರೆ ಒಂದು ಕಾರ್ಡಿನ ಮ್ಯಾಕ್ ವಿಳಾಸ ತನ್ನ ಕೋಣೆಯ ಬಾಗಿಲು ದಾಟುವುದೇ ಇಲ್ಲ. ಬಾಗಿಲು ದಾಟದ ವಿಳಾಸಕ್ಕೆ ದೇಶದ ಹೆಸರು ಕಟ್ಟಿ ಏನು ಪ್ರಯೋಜನ? ದಾರಿ ಹುಡುಕುವ ಕೆಲಸ ಐಪಿ ವಿಳಾಸದ್ದು. ಅದು ಜಾಲದ ರಚನೆಗೆ ತಕ್ಕಂತೆ ಹಂಚಿಕೆಯಾಗುತ್ತದೆ, ಸಾಧನ ಜಾಲ ಬದಲಿಸಿದರೆ ಬದಲಾಗುತ್ತದೆ. ಮ್ಯಾಕ್ ವಿಳಾಸ ಕಾರ್ಡಿನ ಜೊತೆಯಲ್ಲೇ ಊರೂರು ತಿರುಗುತ್ತದೆ.

ಹಂತ 4: ದೇಶಕ್ಕೇ ಕೊಟ್ಟಿದ್ದರೆ?

ಇಲ್ಲಿ ಒಂದು ಲೆಕ್ಕ ಮಾಡಿಸಿದೆ. ಸುಮಾರು ಇನ್ನೂರು ದೇಶಗಳಿವೆ ಎಂದುಕೊಂಡರೆ ದೇಶ ಗುರುತಿಸಲು 8 ಬಿಟ್ ಬೇಕು, ಏಕೆಂದರೆ 7 ಬಿಟ್‌ಗಳಲ್ಲಿ 128 ಮಾತ್ರ ಸಿಗುತ್ತದೆ. ಉಳಿಯುವುದು 40 ಬಿಟ್. ಅಂದರೆ ಪ್ರತಿ ದೇಶಕ್ಕೂ ಸುಮಾರು 1.1 ಲಕ್ಷ ಕೋಟಿ ಸಂಖ್ಯೆಗಳು. ಒಂದೂ ಕಾರ್ಡ್ ತಯಾರಿಸದ ಪುಟ್ಟ ದ್ವೀಪಕ್ಕೂ ಅಷ್ಟೇ, ಜಗತ್ತಿನ ಬಹುಪಾಲು ಸಾಧನಗಳನ್ನು ತಯಾರಿಸುವ ದೇಶಕ್ಕೂ ಅಷ್ಟೇ. ಮೊದಲನೆಯದರ ಪಾಲು ಹಾಗೇ ಕೊಳೆಯುತ್ತದೆ.

ಆಮೇಲೆ ಪ್ರತಿ ದೇಶದಲ್ಲೂ ಒಂದು ಕಚೇರಿ ಕುಳಿತು ಆ ಸಂಖ್ಯೆಗಳನ್ನು ಮತ್ತೆ ಕಂಪನಿಗಳಿಗೆ ಹಂಚಬೇಕು, ಏಕೆಂದರೆ ಕೊನೆಗೆ ಕಾರ್ಡಿಗೆ ಸಂಖ್ಯೆ ಬರೆಯುವುದು ಕಂಪನಿಯೇ. ಮೂರು ದೇಶಗಳಲ್ಲಿ ಕಾರ್ಖಾನೆ ಇರುವ ಕಂಪನಿ ಮೂರು ಕಚೇರಿಗಳ ಮೆಟ್ಟಿಲು ಹತ್ತಬೇಕು. ತಯಾರಿಕೆಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಿದರೆ ಸಂಖ್ಯೆಯ ಸಾಲು ಬದಲಿಸಬೇಕು. ಇಷ್ಟೆಲ್ಲ ಮಾಡಿಯೂ ಸ್ವಿಚ್‌ಗೆ ಏನೂ ಲಾಭವಿಲ್ಲ.

ಈ ಏರ್ಪಾಟು ಮೊದಲಿನಿಂದ ಹೀಗೇ ಇರಲಿಲ್ಲ. 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ಟನ್ನು ರೂಪಿಸಲು ತೊಡಗಿದರು. ಅವರ ಪ್ರಾಯೋಗಿಕ ಜಾಲದಲ್ಲಿ ವಿಳಾಸಕ್ಕೆ ಇದ್ದದ್ದು 8 ಬಿಟ್ ಮಾತ್ರ. ಒಂದು ಜಾಲದಲ್ಲಿ 256ಕ್ಕಿಂತ ಹೆಚ್ಚು ಸಂಖ್ಯೆಗಳಿಲ್ಲ. ಪಕ್ಕದ ಜಾಲದಲ್ಲೂ ಅವೇ ಸಂಖ್ಯೆಗಳು. ಆದ್ದರಿಂದ ಗಣಕವನ್ನು ಒಂದು ಜಾಲದಿಂದ ಕಿತ್ತು ಇನ್ನೊಂದಕ್ಕೆ ಜೋಡಿಸಿದರೆ ಅಲ್ಲಿ ಅದೇ ಸಂಖ್ಯೆಯ ಇನ್ನೊಂದು ಗಣಕ ಕುಳಿತಿರಬಹುದು. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಝೆರಾಕ್ಸ್ ಕಂಪನಿಗಳು ಸೇರಿ ಹೊರತಂದ ಈಥರ್ನೆಟ್ ನಿಯಮಾವಳಿಯಲ್ಲಿ ವಿಳಾಸ 48 ಬಿಟ್ ಆಯಿತು. ಹೀಗೇಕೆ ಎಂಬುದನ್ನು 1981ರಲ್ಲಿ ಯೋಗೇನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್ ಒಂದು ಲೇಖನದಲ್ಲಿ ವಿವರಿಸಿದರು. ದಲಾಲ್ ಮುಂಬಯಿಯ ಐಐಟಿಯಲ್ಲಿ ಓದಿದವರು. ಗಣಕ ಯಾವ ಜಾಲದಲ್ಲಿದೆ ಎಂಬುದನ್ನು ಅದರ ಸಂಖ್ಯೆಯಿಂದ ಬಿಡಿಸಬೇಕು, ಎಲ್ಲಿಗೆ ಸಾಗಿಸಿದರೂ ಸಂಖ್ಯೆ ಬದಲಾಗಬಾರದು ಎಂಬುದು ಅದರ ತಿರುಳು. ಮೊದಲಿಗೆ ಸಂಖ್ಯೆಗಳ ಗುಂಪುಗಳನ್ನು ಝೆರಾಕ್ಸ್ ಕಂಪನಿಯೇ ಹಂಚುತ್ತಿತ್ತು, ಆಮೇಲೆ ಆ ಕೆಲಸ ಐಇಇಇಗೆ ಹೋಯಿತು. ಅದರ ಗುರುತು ಇಂದಿಗೂ ಪಟ್ಟಿಯಲ್ಲಿದೆ: `00-00-00` ಎಂಬ ಮೊಟ್ಟಮೊದಲ ಪುಸ್ತಕ ಝೆರಾಕ್ಸ್ ಹೆಸರಿನಲ್ಲಿದೆ.

ಹಂತ 5: ಏರ್ಪಾಟು ಎಲ್ಲಿ ಸಡಿಲ?

ಮೊದಲರ್ಧ ತಯಾರಕರದು ಎಂದು ಕಲಿತ ಮಕ್ಕಳು ಅದನ್ನೂ ಕಣ್ಣುಮುಚ್ಚಿ ನಂಬಬಾರದು. ಎರಡು ಸಂದರ್ಭಗಳನ್ನು ತೋರಿಸಿದೆ.

ಒಂದು ನಮ್ಮ ಪ್ರಯೋಗಾಲಯದ್ದೇ. ಹಿಂದೆ ಒಟ್ಟಿಗೆ ಕೊಂಡ ಎರಡು ಅಗ್ಗದ ಯುಎಸ್‌ಬಿ ನೆಟ್‌ವರ್ಕ್ ಜೋಡಣೆಗಳು ಇದ್ದವು, ಮೇಲೆ ತಯಾರಕರ ಹೆಸರೂ ಇರಲಿಲ್ಲ. ಅವನ್ನು ಎರಡು ಕಂಪ್ಯೂಟರುಗಳಿಗೆ ಹಾಕಿದರೆ ಒಂದು ಕೆಲಸ ಮಾಡುವಾಗ ಇನ್ನೊಂದು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಅದಲು ಬದಲು. ಒಂದನ್ನು ಕಿತ್ತರೆ ಇನ್ನೊಂದು ಸರಾಗ. ಕೇಬಲ್ ಹಾಳೆಂದು ಎರಡು ಸಲ ಬದಲಿಸಿದ್ದರಂತೆ. ನಾನು ಎರಡೂ ಕಂಪ್ಯೂಟರುಗಳಲ್ಲಿ `getmac /v` ಓಡಿಸಿ ಮಕ್ಕಳಿಗೆ ತೋರಿಸಿದೆ: ಹನ್ನೆರಡಕ್ಕೆ ಹನ್ನೆರಡೂ ಅಂಕಿ ಒಂದೇ. ಯಾರೋ ಒಂದೇ ರಸೀದಿಯನ್ನು ಎರಡು ಮನೆಗೆ ಕೊಟ್ಟಿದ್ದರು.

ಇದರ ಪರಿಣಾಮವನ್ನು ಸ್ವಿಚ್ ಆಟದಲ್ಲೇ ತೋರಿಸಿದೆವು. ಎರಡನೇ ಮತ್ತು ನಾಲ್ಕನೇ ಬೆಂಚಿಗೆ ಒಂದೇ ಚೀಟಿ ಕೊಟ್ಟೆ. ಎರಡನೇ ಬೆಂಚಿನಿಂದ ಕಾಗದ ಬಂದಾಗ ಸ್ವಿಚ್ ‘2’ ಎಂದು ಬರೆದ, ನಾಲ್ಕರಿಂದ ಬಂದಾಗ ಅದನ್ನು ಅಳಿಸಿ ‘4’ ಎಂದು ಬರೆದ. ಕೊನೆಗೆ ಮಾತಾಡಿದವರಿಗೆ ಎಲ್ಲ ಕಾಗದ, ಇನ್ನೊಬ್ಬರಿಗೆ ಏನೂ ಇಲ್ಲ. ಐಇಇಇ ಪುಸ್ತಕವನ್ನಷ್ಟೇ ಹಂಚುತ್ತದೆ. ಒಳಗಿನ ಹಾಳೆಗಳನ್ನು ಎಣಿಸಲು ಯಾರೂ ಬರುವುದಿಲ್ಲ. ಇಡೀ ಏರ್ಪಾಟಿನಲ್ಲಿ ದ್ವಿತೀಯಾರ್ಧ ತಯಾರಕರ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಅದೃಷ್ಟಕ್ಕೆ ಬಹುಪಾಲು ಕಾರ್ಡುಗಳ ವಿಳಾಸವನ್ನು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ, ಆ ಕಾರ್ಡಿನ ‘ಅಡ್ವಾನ್ಸ್ಡ್’ ಪುಟದಲ್ಲಿ ಬದಲಿಸಬಹುದು. ಒಂದಕ್ಕೆ `02-00-00-00-00-15` ಎಂದು ಕೊಟ್ಟ ಮೇಲೆ ಎರಡೂ ನಡೆದವು.

02 ಎಂದೇ ಏಕೆ? ಇದು ಎರಡನೇ ಸಂದರ್ಭಕ್ಕೆ ಬಾಗಿಲು. ದುಬೈ ಫೋನಿನ ಹುಡುಗಿ ಮನೆಯಲ್ಲಿ ಅದರ ವೈಫೈ ವಿಳಾಸ ನೋಡಿ ಬರೆದುಕೊಂಡು ಬಂದಿದ್ದಳು. `D6` ಎಂದು ಆರಂಭವಾಗುವ ಆ ವಿಳಾಸದ ಮೊದಲರ್ಧ ಪಟ್ಟಿಯಲ್ಲಿ ಎಲ್ಲೂ ಸಿಗಲಿಲ್ಲ. ಹಲಗೆಯ ಮೇಲೆ ಎರಡು ಬೈಟ್‌ಗಳನ್ನು ಬಿಡಿಸಿ ಬರೆದೆವು.

```
B8 = 1011 1000
D6 = 1101 0110
```

ಮೊದಲ ಬೈಟಿನ ಕೊನೆಯಿಂದ ಎರಡನೇ ಬಿಟ್‌ಗೆ ವಿಶೇಷ ಅರ್ಥವಿದೆ. ಅದು 0 ಆಗಿದ್ದರೆ ವಿಳಾಸ ಐಇಇಇ ಪುಸ್ತಕದಿಂದ ಬಂದದ್ದು. 1 ಆಗಿದ್ದರೆ ಯಾರೋ ಸ್ಥಳದಲ್ಲೇ ಬರೆದುಕೊಂಡ ಕೈಬರಹದ ಚೀಟಿ, ಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊನೆಯ ಬಿಟ್ 0 ಎಂದರೆ ಅದು ಒಂದೇ ಸಾಧನದ ವಿಳಾಸ, 1 ಎಂದರೆ ಒಂದು ಗುಂಪಿನದು. B8ನಲ್ಲಿ ಕೊನೆಯ ಎರಡು ಬಿಟ್ 00. D6ನಲ್ಲಿ 10. ನಾವು ಕೊಟ್ಟ 02ರಲ್ಲೂ 10. ಬಿಟ್ ಬಿಡಿಸದೆ ಗುರುತಿಸಲು ಒಂದು ಸುಲಭ ದಾರಿಯಿದೆ: ಒಂದೇ ಸಾಧನದ ವಿಳಾಸದಲ್ಲಿ ಎರಡನೇ ಅಂಕಿ 2, 6, A ಅಥವಾ E ಆಗಿದ್ದರೆ ಅದು ಕೈಬರಹದ್ದು. ಅಲ್ಲಿ ತಯಾರಕರನ್ನು ಹುಡುಕುವುದು ವ್ಯರ್ಥ.

ಫೋನುಗಳು ಹೀಗೇಕೆ ಮಾಡುತ್ತವೆ? ಒಂದೇ ಸಂಖ್ಯೆ ಎಲ್ಲೆಡೆ ತಿರುಗಿದರೆ ವೈಫೈ ಇಟ್ಟವರು “ಇದೇ ಫೋನು ನಿನ್ನೆ ಆ ಮಳಿಗೆಯಲ್ಲಿತ್ತು, ಇವತ್ತು ಇಲ್ಲಿದೆ” ಎಂದು ಹಿಂಬಾಲಿಸಬಹುದು. ಆದ್ದರಿಂದ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಫೋನುಗಳು ಸಾಮಾನ್ಯವಾಗಿ ಒಂದೊಂದು ವೈಫೈ ಜಾಲಕ್ಕೂ ಬೇರೆ ಬೇರೆ ವಿಳಾಸವನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಕಾರ್ಖಾನೆಯ ಸಂಖ್ಯೆ ಒಳಗೇ ಇರುತ್ತದೆ, ಹೊರಗೆ ತೋರಿಸುವುದಿಲ್ಲ. ಮಾಡಿದ ದೇಶವೋ, ಕೊಂಡ ದೇಶವೋ, ಇರುವ ದೇಶವೋ ಎಂಬ ಅವಳ ಪ್ರಶ್ನೆಗೆ ಉತ್ತರ, ಮೂರೂ ಅಲ್ಲ. ಅವಳ ಫೋನು ತಯಾರಕರ ಹೆಸರನ್ನೂ ಹೇಳುತ್ತಿರಲಿಲ್ಲ.

ಮೌಲ್ಯಮಾಪನ ಮತ್ತು ನನ್ನ ಟಿಪ್ಪಣಿ

ಕಿರುಪರೀಕ್ಷೆಗೆ “ಮೊದಲರ್ಧ ಏನನ್ನು ಸೂಚಿಸುತ್ತದೆ?” ಎಂಬ ಪ್ರಶ್ನೆ ಮೊದಲೇ ಸಿದ್ಧವಿತ್ತು. ಅದನ್ನು ತೆಗೆದು ಹೀಗೆ ಕೇಳಿದೆ: “ಒಂದೇ ಮೊದಲರ್ಧವಿರುವ ಎರಡು ಕಾರ್ಡುಗಳಲ್ಲಿ ಒಂದು ಹಾಸನದಲ್ಲಿದೆ, ಇನ್ನೊಂದು ಟೋಕಿಯೋದಲ್ಲಿದೆ. ಇದರಲ್ಲಿ ತಪ್ಪೇನಾದರೂ ಇದೆಯೇ? ಕಾರಣ ಬರೆಯಿರಿ.” ಹೆಚ್ಚಿನವರು ತಪ್ಪಿಲ್ಲ ಎಂದು ಬರೆದು, ರಸೀದಿ ಪುಸ್ತಕವನ್ನೋ ಸ್ವಿಚ್ ಆಟವನ್ನೋ ಕಾರಣವಾಗಿ ಕೊಟ್ಟರು. ಕೆಲವರು “ಎರಡನ್ನೂ ಒಂದೇ ಕಾರ್ಖಾನೆಯಲ್ಲಿ ಮಾಡಿದ್ದಾರೆ” ಎಂದು ಬರೆದಿದ್ದರು. ದೇಶ ಹೋದರೂ ‘ಜಾಗ’ ಎಂಬ ಕಲ್ಪನೆ ಪೂರ್ತಿ ಹೋಗಿರಲಿಲ್ಲ. ಅವರಿಗೆ ರಾಸ್ಪ್‌ಬೆರಿ ಪೈ ಉದಾಹರಣೆಯನ್ನು ಮತ್ತೊಮ್ಮೆ ಹೇಳಬೇಕಾಯಿತು.

ಸಮಯ ಸಾಕಾಗಲಿಲ್ಲ. ನಲವತ್ತು ನಿಮಿಷದಲ್ಲಿ ನಾಲ್ಕನೇ ಹಂತದವರೆಗೆ ಮಾತ್ರ ಹೋದೆ. ಐದನೆಯದನ್ನು ಮರುದಿನ ಪ್ರಯೋಗದ ಅವಧಿಯಲ್ಲಿ ಮುಗಿಸಿದೆ. ಮತ್ತೆ ಕಲಿಸುವುದಾದರೆ ಸ್ವಿಚ್ ಆಟವನ್ನು ಮೊದಲಿಗೆ ಇಡುತ್ತೇನೆ. ವಿಳಾಸ ಏನು ಕೆಲಸ ಮಾಡುತ್ತದೆ ಎಂದು ಕಂಡ ಮೇಲೆ ಅದರಲ್ಲಿ ಏನಿರಬೇಕು ಎಂಬುದನ್ನು ಮಕ್ಕಳೇ ಹೇಳಬಲ್ಲರು. ಇನ್ನೊಂದು ತಿದ್ದುಪಡಿಯೂ ಬೇಕು. ಈಗ ಐಇಇಇ ಚಿಕ್ಕ ತಯಾರಕರಿಗೆ ಚಿಕ್ಕ ಪುಸ್ತಕಗಳನ್ನೂ ಕೊಡುತ್ತದೆ: ಒಂದರಲ್ಲಿ 10,48,576 ಹಾಳೆ, ಇನ್ನೊಂದರಲ್ಲಿ 4,096. ಅಂಥ ವಿಳಾಸಗಳಲ್ಲಿ ತಯಾರಕರ ಗುರುತು ಮೊದಲ ಆರಲ್ಲ, ಏಳು ಅಥವಾ ಒಂಬತ್ತು ಅಂಕಿಗಳವರೆಗೆ ಇರುತ್ತದೆ. ‘ಮೊದಲರ್ಧ’ ಎಂದು ನಾನು ಹಲಗೆಯ ನಡುವೆ ಎಳೆದ ಗೆರೆಯೂ ಪೂರ್ತಿ ಖಚಿತವಲ್ಲ.

ಕೊನೆಯ ದಿನ ಟಿಪ್ಪಣಿ ಪುಸ್ತಕಗಳನ್ನು ತಿದ್ದುವಾಗ ಮೂರನೇ ಬೆಂಚಿನ ಹುಡುಗಿಯ ಪುಸ್ತಕ ಬಂತು. ಮೊದಲ ಅವಧಿಯಲ್ಲಿ ಬರೆದ “ಮೊದಲರ್ಧ = ದೇಶ” ಎಂಬುದನ್ನು ಅವಳು ಅಳಿಸಿರಲಿಲ್ಲ. ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ “ಪುಸ್ತಕ ಯಾರದು ಎಂಬುದು ಮಾತ್ರ. ಎರಡನೇ ಅಂಕಿ ನೋಡಿ” ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಪುಸ್ತಕ ಮುಚ್ಚಿದೆ.